ಒಬ್ಬರ ಡೌನ್‌ಲೋಡ್, ಇನ್ನೊಬ್ಬರ ವಿಡಿಯೋ ಕಾಲ್: ರೂಟರ್‌ನಲ್ಲೇ ಇದೆ ರಾಜಿಸೂತ್ರ

ಮನೆಯಲ್ಲಿ 50 ಎಂಬಿಪಿಎಸ್ ಫೈಬರ್ ಕನೆಕ್ಷನ್. ಅಕ್ಕ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಇಂಟರ್‌ವ್ಯೂ ಕೊಡ್ತಿದ್ದಾಳೆ. ಹಾಲ್‌ನಲ್ಲಿ ತಮ್ಮ 60 ಜಿಬಿ ಗೇಮ್ ಡೌನ್‌ಲೋಡ್‌ಗೆ ಹಾಕಿದ್ದಾನೆ. ಎರಡೇ ನಿಮಿಷಕ್ಕೆ ಅಕ್ಕನ ಸ್ಕ್ರೀನ್ ಮೇಲೆ ಎದುರಿನವರ ಮುಖ ಕಲ್ಲಾಗುತ್ತದೆ, ಮಾತು ತುಂಡು ತುಂಡಾಗುತ್ತದೆ. "ಲೇ, ಏನ್ ಹಾಕಿದ್ಯೋ, ನಿಲ್ಸೋ!" ಅಂತ ಕೂಗು. ತಮ್ಮ ಡೌನ್‌ಲೋಡ್ ನಿಲ್ಲಿಸಿದ ಕೂಡಲೇ ಎಲ್ಲ ಸರಿ.

ಇಂಥ ಜಗಳ ಆದ ಮನೆಗಳಲ್ಲಿ ಸಾಮಾನ್ಯವಾಗಿ ಮುಂದಿನ ಹೆಜ್ಜೆ ಒಂದೇ: 100 ಎಂಬಿಪಿಎಸ್ ಪ್ಲ್ಯಾನ್‌ಗೆ ಹೋಗೋದು. ತಿಂಗಳ ಬಿಲ್ ಏರುತ್ತದೆ, ಮುಂದಿನ ದೊಡ್ಡ ಡೌನ್‌ಲೋಡ್‌ಗೆ ಕಾಲ್ ಮತ್ತೆ ತೊದಲುತ್ತದೆ. ಯಾಕೆ ಹೀಗೆ ಅನ್ನೋದು ಗೊತ್ತಾದರೆ, ಪರಿಹಾರ ಪ್ಲ್ಯಾನ್‌ನಲ್ಲಿ ಇಲ್ಲ, ರೂಟರ್‌ನ ಕ್ಯೂಒಎಸ್ ಸೆಟ್ಟಿಂಗ್‌ನಲ್ಲಿದೆ ಅನ್ನೋದೂ ಗೊತ್ತಾಗುತ್ತದೆ. ಕ್ವಾಲಿಟಿ ಆಫ್ ಸರ್ವಿಸ್ ಅನ್ನೋದರ ಚಿಕ್ಕ ಹೆಸರೇ ಕ್ಯೂಒಎಸ್. ಯಾರ ಡೇಟಾ ಮೊದಲು ಹೋಗಬೇಕು, ಎಷ್ಟು ಹೋಗಬೇಕು ಎಂದು ರೂಟರ್ ನಿರ್ಧರಿಸುವ ವ್ಯವಸ್ಥೆ ಅದು.

ಸ್ಪೀಡ್ ಸಾಲದೆ ಅಲ್ಲ, ಕ್ಯೂ ಉದ್ದವಾಗಿ

ಮೊದಲು ಒಂದು ಲೆಕ್ಕ. ಒಳ್ಳೆಯ ಗುಣಮಟ್ಟದ ಒಂದು ವಿಡಿಯೋ ಕಾಲ್‌ಗೆ ಬೇಕಾಗೋದು ಹೆಚ್ಚೆಂದರೆ 3-4 ಎಂಬಿಪಿಎಸ್. 50ರಲ್ಲಿ ಅದು ಹತ್ತನೇ ಒಂದು ಭಾಗವೂ ಅಲ್ಲ. ಹಾಗಾದರೆ ಕಾಲ್‌ಗೆ ಏಟು ಬೀಳೋದು ಎಲ್ಲಿ? ಸಮಯದಲ್ಲಿ.

ಬ್ಯಾಂಕಿನ ಕೌಂಟರ್ ಒಂದನ್ನು ನೆನಪಿಸಿಕೊಳ್ಳಿ. ನಿಮ್ಮ ಕೈಯಲ್ಲಿ ಒಂದೇ ಚಲನ್. ಆದರೆ ನಿಮ್ಮ ಮುಂದಿರುವವರ ಕೈಚೀಲದಲ್ಲಿ ಸಾವಿರ ಚಲನ್. ಕೌಂಟರ್‌ನವರು ಎಷ್ಟೇ ಚುರುಕಾಗಿರಲಿ, ಆ ಸಾವಿರ ಮುಗಿಯೋವರೆಗೂ ನೀವು ನಿಂತಿರಲೇಬೇಕು. ಇಂಟರ್‌ನೆಟ್‌ನಲ್ಲಿ ಡೇಟಾ ಹೋಗೋದು ಪ್ಯಾಕೆಟ್ ಎಂಬ ಚಿಕ್ಕ ತುಂಡುಗಳಾಗಿ. ಒಂದೊಂದೂ ಸುಮಾರು 1,500 ಬೈಟ್. ಲೈನ್ ಭರ್ತಿಯಾದಾಗ ಬಂದ ಪ್ಯಾಕೆಟ್‌ಗಳು ಕಾಯಲು ನಿಮ್ಮ ಮೋಡೆಮ್‌ನಲ್ಲಿ, ಆಪರೇಟರ್‌ನ ಉಪಕರಣದಲ್ಲಿ ಜಾಗ ಇಟ್ಟಿರುತ್ತಾರೆ. ಅದಕ್ಕೆ ಬಫರ್ ಅಂತ ಹೆಸರು. ಅಲ್ಲಿ 1,000 ಪ್ಯಾಕೆಟ್ ನಿಂತಿವೆ ಅಂದುಕೊಳ್ಳಿ. ಅಂದರೆ 15 ಲಕ್ಷ ಬೈಟ್, ಬಿಟ್ ಲೆಕ್ಕದಲ್ಲಿ 1.2 ಕೋಟಿ. ಲೈನ್ ಸೆಕೆಂಡಿಗೆ 4.8 ಕೋಟಿ ಬಿಟ್, ಅಂದರೆ 48 ಎಂಬಿಪಿಎಸ್ ಸಾಗಿಸುತ್ತಿದ್ದರೆ ಆ ಸಾಲು ಕರಗಲು ಕಾಲು ಸೆಕೆಂಡ್ ಬೇಕು. ಅಂದರೆ 250 ಮಿಲಿಸೆಕೆಂಡ್.

ಕಾಲು ಸೆಕೆಂಡ್ ಏನು ಮಹಾ ಅನಿಸಬಹುದು. ಡೌನ್‌ಲೋಡ್‌ಗೆ ಅದು ಗೊತ್ತೇ ಆಗಲ್ಲ. ಮಾತುಕತೆಗೆ ಹಾಗಲ್ಲ. ಮಾತು ಸಹಜವಾಗಿ ಸಾಗಬೇಕಾದರೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ಒಳಗಿರಬೇಕು ಎನ್ನುವುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಹಳೆಯ ಶಿಫಾರಸು. ಅದಕ್ಕಿಂತ ಹೆಚ್ಚಾದರೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡೋದು, "ಹಾಂ, ನೀವು ಹೇಳಿ", "ಇಲ್ಲ, ನೀವೇ ಹೇಳಿ" ಅನ್ನೋದು ಶುರು. ಇನ್ನೂ ಕೆಟ್ಟದ್ದು ಏನೆಂದರೆ ಈ ತಡ ಒಂದೇ ಸಮನೆ ಇರಲ್ಲ. ಒಂದು ಪ್ಯಾಕೆಟ್ 20 ಮಿಲಿಸೆಕೆಂಡ್‌ಗೆ, ಮುಂದಿನದು 250ಕ್ಕೆ ಬಂದರೆ ಕಾಲ್ ಆಪ್ ತಡವಾಗಿ ಬಂದದ್ದನ್ನು ಬಿಸಾಡುತ್ತದೆ. ಆಗಲೇ ಮಾತು ತುಂಡಾಗೋದು, ಮುಖ ಕಲ್ಲಾಗೋದು.

ಡೌನ್‌ಲೋಡ್ ಮಾತ್ರ ಯಾಕೆ ಇಷ್ಟು ಉದ್ದ ಸಾಲು ಕಟ್ಟುತ್ತದೆ? ಅದು ನಡೆಯೋದೇ ಹಾಗೆ. ಸಾಮಾನ್ಯ ಡೌನ್‌ಲೋಡ್‌ನಲ್ಲಿ ಕಳಿಸುವ ಸರ್ವರ್‌ಗೆ ನಿಮ್ಮ ಲೈನ್ ಎಷ್ಟು ಅಗಲ ಅಂತ ಮೊದಲೇ ಗೊತ್ತಿರಲ್ಲ. ಪ್ಯಾಕೆಟ್ ಕಳೆದುಹೋಗುವವರೆಗೂ ವೇಗ ಏರಿಸುತ್ತಲೇ ಹೋಗುತ್ತದೆ, ಕಳೆದುಹೋದಾಗ ಇಳಿಸುತ್ತದೆ. ಬಫರ್ ದೊಡ್ಡದಿದ್ದರೆ ಅದು ತುಂಬಿ ತುಳುಕೋವರೆಗೂ ಯಾವ ಪ್ಯಾಕೆಟ್ಟೂ ಕಳೆಯಲ್ಲ. ಹಾಗಾಗಿ ಸರ್ವರ್ ಎಲ್ಲ ಚೆನ್ನಾಗಿದೆ ಅಂದುಕೊಂಡು ಬಫರ್ ತುಂಬಿಸುತ್ತಲೇ ಇರುತ್ತದೆ. 2010ರ ಹೊತ್ತಿಗೆ ತಮ್ಮ ಮನೆಯ ನೆಟ್‌ನಲ್ಲೇ ಇದನ್ನು ಕಂಡು ಬೆನ್ನುಹತ್ತಿದ ಎಂಜಿನಿಯರ್ ಜಿಮ್ ಗೆಟಿಸ್ ಇದಕ್ಕೆ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. ಬಫರ್ ಊದಿಕೊಂಡಿದೆ ಅಂತ ಅರ್ಥ. ಪ್ಲ್ಯಾನ್ ದೊಡ್ಡದು ಮಾಡಿದರೂ ತೊಂದರೆ ಪೂರ್ತಿ ಹೋಗದಿರುವುದು ಇದಕ್ಕೇ. 100 ಎಂಬಿಪಿಎಸ್ ಲೈನನ್ನೂ ಗೇಮ್ ಡೌನ್‌ಲೋಡ್ ಭರ್ತಿ ಮಾಡುತ್ತದೆ. ಸಾಲು ಸ್ವಲ್ಪ ಬೇಗ ಕರಗಬಹುದು, ಆದರೆ ಸಾಲು ಇದ್ದೇ ಇರುತ್ತದೆ.

ಅಪ್‌ಲೋಡ್ ಇನ್ನೂ ಮೋಸದ್ದು. ಮದುವೆಯಿಂದ ಬಂದ ಅಮ್ಮನ ಫೋನ್ ವೈಫೈ ಸಿಕ್ಕ ಕೂಡಲೇ ಸದ್ದಿಲ್ಲದೆ ನೂರಾರು ಫೋಟೋ, ವಿಡಿಯೋಗಳನ್ನು ಕ್ಲೌಡ್‌ಗೆ ಏರಿಸಲು ಶುರು ಮಾಡುತ್ತದೆ. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಮಾತ್ರ ಇರುವ ಕನೆಕ್ಷನ್ ಆದರೆ, ಮೇಲಿನ ಅದೇ 1,000 ಪ್ಯಾಕೆಟ್ ಸಾಲು ಕರಗಲು 1.2 ಸೆಕೆಂಡ್ ಬೇಕು. ನಿಮಗೆ ಎದುರಿನವರು ಚೆನ್ನಾಗಿ ಕಾಣ್ತಾರೆ, ಅವರಿಗೆ ನೀವು ಕಾಣಲ್ಲ. "ನಿಮ್ಮ ವಾಯ್ಸ್ ಬ್ರೇಕ್ ಆಗ್ತಿದೆ" ಅಂತ ಬರೀ ಅವರೇ ಹೇಳುತ್ತಿದ್ದರೆ, ಮನೆಯಲ್ಲಿ ಯಾವುದೋ ಫೋನ್ ಬ್ಯಾಕಪ್ ಮಾಡುತ್ತಿದೆಯಾ ಅಂತ ಮೊದಲು ನೋಡಿ.

ಮೊದಲು ಅಳೆಯಿರಿ

ನಿಮ್ಮ ಮನೆಯ ಕಾಯಿಲೆ ಇದೇನಾ ಅಂತ ಖಚಿತ ಮಾಡಿಕೊಳ್ಳಲು ಐದು ನಿಮಿಷ ಸಾಕು. ಲ್ಯಾಪ್‌ಟಾಪನ್ನು ಸಾಧ್ಯವಾದರೆ ಕೇಬಲ್‌ನಲ್ಲಿ ರೂಟರ್‌ಗೆ ಜೋಡಿಸಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ. ಮ್ಯಾಕ್, ಲಿನಕ್ಸ್ ಆದರೆ `-t` ಬೇಡ.

```
ping -t 8.8.8.8
```

ಸಾಲುಸಾಲಾಗಿ ಬರುವ `time=` ಎದುರಿನ ಸಂಖ್ಯೆ, ಒಂದು ಪ್ಯಾಕೆಟ್ ಹೋಗಿ ಉತ್ತರ ತರಲು ಹಿಡಿದ ಮಿಲಿಸೆಕೆಂಡ್. ಯಾರೂ ಏನೂ ಡೌನ್‌ಲೋಡ್ ಮಾಡದಿರುವಾಗ ಅರ್ಧ ನಿಮಿಷ ನೋಡಿ. ನಂತರ ಒಂದು ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿ ಅದೇ ಸಂಖ್ಯೆ ನೋಡಿ. ಆಮೇಲೆ ಒಂದು ದೊಡ್ಡ ವಿಡಿಯೋ ಅಪ್‌ಲೋಡ್ ಮಾಡುತ್ತಾ ನೋಡಿ. 10 ಇದ್ದದ್ದು 25-30ಕ್ಕೆ ಏರಿದರೆ ನಿಮ್ಮ ಲೈನ್ ಆರೋಗ್ಯವಾಗಿದೆ. 200, 300 ದಾಟಿದರೆ ಕಾಯಿಲೆ ಇದೇ. ಫೋನ್ ಮಾತ್ರ ಇದ್ದವರು ವೇವ್‌ಫಾರ್ಮ್‌ನವರ ಬಫರ್‌ಬ್ಲೋಟ್ ಟೆಸ್ಟ್ ಅನ್ನು ಬ್ರೌಸರ್‌ನಲ್ಲೇ ಮಾಡಬಹುದು. ಅದು ಸ್ಪೀಡ್ ಜೊತೆಗೆ, ಲೈನ್ ತುಂಬಿದಾಗ ತಡ ಎಷ್ಟು ಏರುತ್ತದೆ ಅಂತ ಅಳೆದು ಶಾಲೆಯ ಹಾಗೆ ಗ್ರೇಡ್ ಕೊಡುತ್ತದೆ.

ಕ್ಯೂ ನಮ್ಮ ಅಂಗಳಕ್ಕೆ ತನ್ನಿ

ಈಗ ಪರಿಹಾರ. ಅದರಲ್ಲಿ ಎರಡು ಭಾಗ ಇದೆ. ಎರಡೂ ಒಟ್ಟಿಗೆ ಇದ್ದರೆ ಮಾತ್ರ ಕೆಲಸ ಆಗುತ್ತದೆ.

ಮೊದಲ ಭಾಗ ಸ್ವಲ್ಪ ವಿಚಿತ್ರ ಅನಿಸುತ್ತದೆ: ನಿಮ್ಮ ರೂಟರ್‌ಗೆ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ವೇಗ ಹೇಳೋದು. ಸಾಲು ಯಾವಾಗಲೂ ದಾರಿ ಅತಿ ಕಿರಿದಾಗುವ ಜಾಗದಲ್ಲಿ ಕಟ್ಟುತ್ತದೆ. ಈಗ ಆ ಜಾಗ ಆಪರೇಟರ್ ಕಡೆ ಇದೆ, ಅಲ್ಲಿ ನಿಮ್ಮ ಮಾತು ನಡೆಯಲ್ಲ. ಲೈನ್ 48 ಸಾಗಿಸುತ್ತಿದ್ದರೂ ರೂಟರ್ 43ರಷ್ಟನ್ನೇ ಬಿಟ್ಟರೆ ಕಿರಿದಾದ ಜಾಗ ನಿಮ್ಮ ರೂಟರ್ ಆಗುತ್ತದೆ. ಸಾಲು ನಿಮ್ಮ ಅಂಗಳಕ್ಕೆ ಬರುತ್ತದೆ. ಆಗ ಯಾರನ್ನು ಮೊದಲು ಬಿಡಬೇಕು ಅಂತ ನೀವು ಹೇಳಬಹುದು. ಡೌನ್‌ಲೋಡ್ ಹೊರಗಿನಿಂದ ಒಳಗೆ ಬರುವುದಲ್ಲವಾ, ಅದನ್ನು ನಮ್ಮ ರೂಟರ್ ಹೇಗೆ ತಡೆಯುತ್ತದೆ ಅಂತ ಕೇಳಬಹುದು. ನೇರವಾಗಿ ತಡೆಯಲ್ಲ. ಆದರೆ ಒಂದೆರಡು ಪ್ಯಾಕೆಟ್ ಬೀಳಿಸಿದರೆ ಸಾಕು, ಸರ್ವರ್ ಅದನ್ನು ಗಮನಿಸಿ ತಾನೇ ವೇಗ ಇಳಿಸುತ್ತದೆ. ಬೇಗ ಬೀಳಿಸಿದಷ್ಟೂ ಬೇಗ ಇಳಿಸುತ್ತದೆ, ಆಪರೇಟರ್ ಕಡೆ ಸಾಲು ಕಟ್ಟೋದೇ ಇಲ್ಲ.

ಎರಡನೇ ಭಾಗ, ಸಾಲಿನ ನಿಯಮ. ಕೌಂಟರ್‌ನವರು ಒಬ್ಬರ ಸಾವಿರ ಚಲನ್ ಒಟ್ಟಿಗೆ ಮುಗಿಸುವ ಬದಲು ಪ್ರತಿಯೊಬ್ಬರಿಂದ ಒಂದೊಂದೇ ತೆಗೆದುಕೊಂಡರೆ, ಒಂದೇ ಚಲನ್ ಇರುವವರು ಕ್ಷಣದಲ್ಲಿ ಹೊರಗೆ. ಸಾವಿರ ಇರುವವರಿಗೂ ಹೆಚ್ಚು ನಷ್ಟವಿಲ್ಲ. ಹೀಗೆ ಹಂಚುವ ಎರಡು ವಿಧಾನಗಳ ಹೆಸರನ್ನು ನೆನಪಿಡಿ: `fq_codel` ಮತ್ತು `cake`. ಸಾಲು ಎಷ್ಟು ಉದ್ದ ಅಂತ ನೋಡದೆ, ಪ್ಯಾಕೆಟ್ ಎಷ್ಟು ಹೊತ್ತು ನಿಂತಿತ್ತು ಅಂತ ನೋಡುವ ಕೋಡೆಲ್ ಎಂಬ ಮೂಲ ವಿಧಾನವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದರು. ಕೇಕ್ 2018ರಲ್ಲಿ ಲಿನಕ್ಸ್‌ನ ಮೂಲ ತಂತ್ರಾಂಶದೊಳಗೇ ಸೇರಿತು.

ಹಳೆಯ ರೂಟರ್‌ಗಳ ಕ್ಯೂಒಎಸ್ ಪೇಜ್‌ನಲ್ಲಿ ಸಿಗೋದು ಬೇರೆ ರೀತಿಯದು. 'ಈ ಲ್ಯಾಪ್‌ಟಾಪ್‌ಗೆ ಮೊದಲ ಆದ್ಯತೆ' ಅಂತ ಟಿಕ್ ಮಾಡೋದು. ಅದೂ ಕೆಲಸ ಮಾಡುತ್ತದೆ, ಆದರೆ ಒಂದು ಮಿತಿ ಇದೆ. ಅಕ್ಕನ ಲ್ಯಾಪ್‌ಟಾಪ್‌ನಲ್ಲೇ ಕಾಲ್ ನಡೆಯುವಾಗ ಹಿಂದೆ ವಿಂಡೋಸ್ ಅಪ್‌ಡೇಟ್ ಇಳಿಯುತ್ತಿದ್ದರೆ ಎರಡಕ್ಕೂ ಒಂದೇ ಆದ್ಯತೆ ಸಿಗುತ್ತದೆ. ಕೇಕ್ ಆದರೆ ಒಂದೇ ಸಾಧನದೊಳಗಿನ ಕಾಲ್ ಮತ್ತು ಅಪ್‌ಡೇಟನ್ನೂ ಬೇರೆ ಬೇರೆ ಸಾಲಲ್ಲಿ ನಿಲ್ಲಿಸುತ್ತದೆ.

ನಮ್ಮ 50 ಎಂಬಿಪಿಎಸ್ ಮನೆಗೆ ಹಾಕಿ ನೋಡೋಣ

ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಇರುವ ರೂಟರ್ ಅಂದುಕೊಳ್ಳೋಣ. ಇದನ್ನು ಹಾಕಿಯೇ ಮಾರುವ ರೂಟರ್‌ಗಳಿವೆ. ಇರುವ ರೂಟರ್‌ಗೆ ಹಾಕೋದಾದರೆ ನಿಮ್ಮ ಮಾಡೆಲ್ ಮತ್ತು ಅದರ ವರ್ಷನ್ ನಂಬರ್ ಎರಡೂ ಅವರ ವೆಬ್‌ಸೈಟಿನ ಪಟ್ಟಿಯಲ್ಲಿದೆಯಾ ನೋಡಿಯೇ ಮುಂದುವರಿಯಿರಿ. ತಪ್ಪು ಫೈಲ್ ಹಾಕಿದರೆ ರೂಟರ್ ಆನ್ ಆಗದೇ ಹೋಗಬಹುದು.

ಮೊದಲು ಎಲ್ಲರ ಫೋನ್ ವೈಫೈ ಆಫ್ ಮಾಡಿ, ಕೇಬಲ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿ. ಪ್ಲ್ಯಾನ್‌ನಲ್ಲಿ ಬರೆದ ಸಂಖ್ಯೆ ಬೇಡ, ನಿಜವಾಗಿ ಸಿಗುವ ಸಂಖ್ಯೆ ಬೇಕು. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಮಾಡಿ, ಕಡಿಮೆ ಬಂದದ್ದನ್ನು ಇಟ್ಟುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಡೌನ್‌ಲೋಡ್ 48, ಅಪ್‌ಲೋಡ್ 46 ಬಂತು ಅನ್ನೋಣ. ಎರಡರ ಶೇ 90 ತೆಗೆಯಿರಿ. ಅದು 43.2 ಮತ್ತು 41.4. ಪೇಜ್ ಕೇಳೋದು ಕಿಲೋಬಿಟ್‌ನಲ್ಲಿ, ಹಾಗಾಗಿ ಸಾವಿರದಿಂದ ಗುಣಿಸಿ.

ರೂಟರ್ ಪೇಜ್‌ನಲ್ಲಿ `System` ಒಳಗಿನ `Software`ಗೆ ಹೋಗಿ `luci-app-sqm` ಇನ್‌ಸ್ಟಾಲ್ ಮಾಡಿ. ಆಮೇಲೆ `Network` ಮೆನುವಿನಲ್ಲಿ `SQM QoS` ಕಾಣಿಸುತ್ತದೆ. ಅಲ್ಲಿ ತುಂಬಬೇಕಾದ್ದು ಇಷ್ಟು:

```
Interface name:    wan
Download speed:    43200
Upload speed:      41400
Queue discipline:  cake
Queue setup script: piece_of_cake.qos
```

ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ನಿಮ್ಮ ರೂಟರೇ ಕನೆಕ್ಟ್ ಆಗುವ ಲೈನ್ ಆದರೆ ಇಂಟರ್‌ಫೇಸ್ ಹೆಸರು `pppoe-wan` ಇರುತ್ತದೆ. `Enable` ಟಿಕ್ ಮಾಡಿ ಸೇವ್ ಮಾಡಿ.

ಗೇಮ್ ಡೌನ್‌ಲೋಡರ್‌ಗಳು, ಟೊರೆಂಟ್‌ಗಳು ಒಂದೇ ಫೈಲಿಗೆ ಹತ್ತಾರು ಕನೆಕ್ಷನ್ ತೆರೆಯುತ್ತವೆ. ಅಂದರೆ ಒಬ್ಬರೇ ಹತ್ತು ಜನರಂತೆ ಕ್ಯೂನಲ್ಲಿ ನಿಲ್ಲೋ ಹಾಗೆ. ಇದಕ್ಕೂ ಉಪಾಯ ಇದೆ. `Queue Discipline` ಟ್ಯಾಬ್‌ನಲ್ಲಿ ಅಡ್ವಾನ್ಸ್ಡ್, ಡೇಂಜರಸ್ ಎಂಬ ಎರಡೂ ಕಾನ್ಫಿಗರೇಶನ್ ಟಿಕ್ ಮಾಡಿದರೆ ಕೊನೆಯಲ್ಲಿ ಎರಡು ಖಾಲಿ ಜಾಗ ಬರುತ್ತವೆ. `ingress` ಎಂದಿರುವ ಕಡೆ ಮೊದಲ ಸಾಲು, `egress` ಕಡೆ ಎರಡನೇ ಸಾಲು ಹಾಕಿ:

```
nat dual-dsthost ingress
nat dual-srchost
```

ಈಗ ಕೇಕ್ ಮೊದಲು ಸಾಧನಗಳ ನಡುವೆ ಸಮನಾಗಿ ಹಂಚುತ್ತದೆ, ಆಮೇಲೆ ಒಂದೊಂದು ಸಾಧನದ ಕನೆಕ್ಷನ್‌ಗಳ ನಡುವೆ. ತಮ್ಮನ ಪಿಸಿ ಎಷ್ಟೇ ಕನೆಕ್ಷನ್ ತೆರೆದರೂ ಒಬ್ಬನ ಪಾಲೇ. ಅಕ್ಕನ ಲ್ಯಾಪ್‌ಟಾಪ್ ತನ್ನ ಪಾಲನ್ನು ಪೂರ್ತಿ ಬಳಸದಿದ್ದರೆ ಉಳಿದದ್ದೂ ತಮ್ಮನಿಗೇ ಸಿಗುತ್ತದೆ, ವ್ಯರ್ಥ ಆಗಲ್ಲ.

ಮತ್ತೆ ಅದೇ ಪಿಂಗ್, ಅದೇ ಡೌನ್‌ಲೋಡ್ ಹಾಕಿ. ಸಂಖ್ಯೆ ಖಾಲಿ ಇದ್ದಾಗಿನದಕ್ಕಿಂತ 10-20 ಮಿಲಿಸೆಕೆಂಡ್ ಮಾತ್ರ ಮೇಲಿದ್ದರೆ ಗೆದ್ದಿರಿ. ಇನ್ನೂ 80, 100 ಕಾಣುತ್ತಿದ್ದರೆ ಶೇ 90 ಅನ್ನು 85ಕ್ಕೆ ಇಳಿಸಿ ನೋಡಿ. ಚೆನ್ನಾಗಿದ್ದರೆ 92, 95ಕ್ಕೆ ಏರಿಸಿ ಎಲ್ಲಿ ಕೆಡುತ್ತದೆ ನೋಡಿ, ಅದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ.

ತಮ್ಮ ಇದಕ್ಕೆ ಕೊಡುವ ಬೆಲೆ ಎಷ್ಟು? 60 ಜಿಬಿ ಗೇಮ್ 48 ಎಂಬಿಪಿಎಸ್‌ನಲ್ಲಿ ಸುಮಾರು 2 ಗಂಟೆ 47 ನಿಮಿಷಕ್ಕೆ ಇಳಿಯುತ್ತಿತ್ತು. 43.2ರಲ್ಲಿ 3 ಗಂಟೆ 5 ನಿಮಿಷ. ಹದಿನೆಂಟು ನಿಮಿಷ ಹೆಚ್ಚು, ಅಷ್ಟೇ. ಅಕ್ಕನ ಇಂಟರ್‌ವ್ಯೂ ಮುಗಿಯೋವರೆಗೆ ಪೂರ್ತಿ ನಿಲ್ಲಿಸೋದಕ್ಕಿಂತ ಅವನಿಗೂ ಇದು ಲಾಭವೇ.

ಮಾಮೂಲಿ ರೂಟರ್ ಇದ್ದವರು ಅದರ ಪೇಜ್‌ನಲ್ಲಿ `QoS` ಅಥವಾ `Bandwidth Control` ಹುಡುಕಿ. ಅಲ್ಲಿಯೂ ಒಟ್ಟು ಡೌನ್‌ಲೋಡ್, ಅಪ್‌ಲೋಡ್ ವೇಗ ಕೇಳಿದರೆ ಇದೇ ಶೇ 90ರ ಸಂಖ್ಯೆ ಹಾಕಿ, ಕಾಲ್ ಮಾಡುವ ಸಾಧನಕ್ಕೆ ಆದ್ಯತೆ ಕೊಡಿ. ಅಲ್ಲಿ 1000 ಅಂತ ಬಾಯಿಗೆ ಬಂದ ಸಂಖ್ಯೆ ತುಂಬಿದರೆ ಸಾಲು ಆಪರೇಟರ್ ಕಡೆಯೇ ಉಳಿಯುತ್ತದೆ, ಆದ್ಯತೆ ಕೊಟ್ಟದ್ದು ಹೆಸರಿಗೆ ಮಾತ್ರ.

ಹಾಕಿದರೂ ಕೆಲಸ ಮಾಡದಿದ್ದರೆ

ನಮ್ಮಲ್ಲಿ ಹೆಚ್ಚಾಗಿ ಎಡವೋದು ಇಲ್ಲಿ: ಫೈಬರ್ ಹಾಕಿದವರು ಕೊಟ್ಟ ಬಾಕ್ಸ್‌ನಲ್ಲೇ ವೈಫೈ ಇರುತ್ತದೆ. ಅದರ ಹಿಂದೆ ನೀವು ಹೊಸ ರೂಟರ್ ಇಟ್ಟು ಎಲ್ಲ ಸೆಟ್ ಮಾಡುತ್ತೀರಿ. ತಮ್ಮನ ಪಿಸಿ ಮಾತ್ರ ಹಳೇ ಪಾಸ್‌ವರ್ಡ್ ನೆನಪಿನಲ್ಲಿ ಹಳೇ ಬಾಕ್ಸ್‌ಗೇ ಕನೆಕ್ಟ್ ಆಗಿರುತ್ತದೆ. ಅವನ ಡೌನ್‌ಲೋಡ್ ಹೊಸ ರೂಟರ್ ಮೂಲಕ ಹೋಗೋದೇ ಇಲ್ಲ, ಕ್ಯೂಒಎಸ್‌ಗೆ ಕಾಣೋದೂ ಇಲ್ಲ. ಬಾಕ್ಸ್‌ನ ವೈಫೈ ಆಫ್ ಮಾಡಿ, ಟಿವಿ ಸಹಿತ ಎಲ್ಲವನ್ನೂ ಹೊಸ ರೂಟರ್‌ಗೆ ತನ್ನಿ. ಸೆಟ್ಟಿಂಗ್ ಲಾಕ್ ಆಗಿದ್ದರೆ ಆಪರೇಟರ್‌ಗೆ ಫೋನ್ ಮಾಡಿ ವೈಫೈ ಆಫ್ ಮಾಡಿಸಿ.

ಎರಡನೆಯದು ರೂಟರ್‌ನ ಶಕ್ತಿ. ಪ್ರತಿ ಪ್ಯಾಕೆಟ್ ಅಳೆದು ಬಿಡೋದು ಪ್ರೊಸೆಸರ್‌ಗೆ ಹೊರೆ. ಹಳೆಯ, ಅಗ್ಗದ ರೂಟರ್‌ಗಳು 50 ಎಂಬಿಪಿಎಸ್ ನಿಭಾಯಿಸಿದರೂ 300ಕ್ಕೆ ಸುಸ್ತಾಗುತ್ತವೆ. ನೀವು 270 ಹಾಕಿದ್ದೀರಿ, ಸ್ಪೀಡ್ ಟೆಸ್ಟ್‌ನಲ್ಲಿ 140 ಮಾತ್ರ ಬರುತ್ತಿದೆ, ಕ್ಯೂಒಎಸ್ ಆಫ್ ಮಾಡಿದರೆ ಮತ್ತೆ 300 ಬರುತ್ತದೆ ಅಂದರೆ ತೊಂದರೆ ಇದೇ. ಇದಕ್ಕೆ ಉಲ್ಟಾ ಲಕ್ಷಣವೂ ಇದೆ: ಎಷ್ಟೇ ಕಡಿಮೆ ಸಂಖ್ಯೆ ಹಾಕಿದರೂ ಪೂರ್ತಿ ಸ್ಪೀಡ್ ಬರುತ್ತಿದ್ದರೆ, ಪ್ಯಾಕೆಟ್‌ಗಳು ಅಡ್ಡದಾರಿ ಹಿಡಿದಿವೆ. `Firewall` ಪೇಜ್‌ನ ಫ್ಲೋ ಆಫ್‌ಲೋಡಿಂಗ್ ಆನ್ ಇದ್ದರೆ ಹೀಗಾಗಬಹುದು. ಅದನ್ನು ಆಫ್ ಮಾಡಿ.

ಇನ್ನು, ಕ್ಯೂಒಎಸ್ ಮುಟ್ಟಲಾಗದ ತೊಂದರೆಗಳೂ ಇವೆ. ಕಾಲ್ ಮಾಡುವ ಜಾಗದಿಂದಲೇ, ವೈಫೈನಲ್ಲೇ, ರೂಟರ್‌ಗೆ ಪಿಂಗ್ ಮಾಡಿ. ವಿಳಾಸ ಸಾಮಾನ್ಯವಾಗಿ `192.168.1.1`. ಅದೇ 2ರಿಂದ 150ಕ್ಕೆ ಹಾರುತ್ತಿದ್ದರೆ ಕಾಯಿಲೆ ವೈಫೈನದು. ನಡುವೆ ಎರಡು ಗೋಡೆ ಇರಬಹುದು, ಪಕ್ಕದ ಮನೆಗಳ ಸಿಗ್ನಲ್ ಗದ್ದಲ ಇರಬಹುದು. ಕೇಬಲ್ ಎಳೆಯೋದು ಅಥವಾ ರೂಟರ್ ಹತ್ತಿರ ಕೂರೋದೇ ಮದ್ದು. ರೂಟರ್ ಪಿಂಗ್ ಚೆನ್ನಾಗಿದ್ದು, ಮನೆಯಲ್ಲಿ ಯಾರೂ ಏನೂ ಮಾಡದಿದ್ದರೂ ಹೊರಗಿನ ಪಿಂಗ್ ರಾತ್ರಿ ಹೊತ್ತು ಕುಣಿಯುತ್ತಿದ್ದರೆ ದಟ್ಟಣೆ ಆಪರೇಟರ್ ಕಡೆ. ಆ ಸಂಖ್ಯೆಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡೇ ದೂರು ಕೊಡಿ. 4ಜಿ, 5ಜಿ ಸಿಮ್ ಹಾಕುವ ಮನೆ ರೂಟರ್‌ಗಳಲ್ಲಿ ವೇಗ ಗಂಟೆಗೊಮ್ಮೆ ಬದಲಾಗುವುದರಿಂದ ಒಂದೇ ಸಂಖ್ಯೆ ಹೊಂದಲ್ಲ. ದಿನದ ಕೆಟ್ಟ ಹೊತ್ತಿನ ವೇಗ ನೋಡಿ ಅದಕ್ಕಿಂತ ಕೆಳಗೆ ಹಾಕಬೇಕಾಗುತ್ತದೆ.

ರೂಟರ್ ಮುಟ್ಟುವ ಹಾಗಿಲ್ಲ ಅಂದ್ರೆ

ಪಿಜಿಯಲ್ಲಿರುವವರು, ಬಾಡಿಗೆ ಮನೆಯಲ್ಲಿ ಓನರ್ ವೈಫೈ ಬಳಸುವವರು ರೂಟರ್ ಮುಟ್ಟಲಾಗದು. ಆಗ ಡೌನ್‌ಲೋಡ್ ಮಾಡುವ ಆಪ್‌ನಲ್ಲೇ ಮಿತಿ ಹಾಕಿ. ಲೈನ್ ಭರ್ತಿಯಾಗದಿದ್ದರೆ ಸಾಲೇ ಕಟ್ಟಲ್ಲ, ತತ್ವ ಅದೇ. ಸ್ಟೀಮ್‌ನ ಡೌನ್‌ಲೋಡ್ ಸೆಟ್ಟಿಂಗ್‌ನಲ್ಲಿ ವೇಗದ ಮಿತಿ ಇದೆ. ವಿಂಡೋಸ್ ಅಪ್‌ಡೇಟ್‌ಗೆ `Delivery Optimization` ಒಳಗೆ ಇದೆ. ಗೂಗಲ್ ಡ್ರೈವ್‌ನ ಕಂಪ್ಯೂಟರ್ ಆಪ್‌ನಲ್ಲೂ ಇದೆ. 48 ಎಂಬಿಪಿಎಸ್ ಲೈನ್‌ನಲ್ಲಿ ಡೌನ್‌ಲೋಡ್‌ಗೆ 32 ಬಿಟ್ಟರೆ ಒಂದೆರಡು ಕಾಲ್‌ಗೆ ಧಾರಾಳ ಜಾಗ ಉಳಿಯುತ್ತದೆ. ಒಂದೇ ಎಚ್ಚರ: ಆಪ್ ಕೇಳುತ್ತಿರೋದು ಬಿಟ್‌ನಲ್ಲಾ ಬೈಟ್‌ನಲ್ಲಾ ಅಂತ ನೋಡಿ. ಒಂದು ಬೈಟ್ ಅಂದರೆ ಎಂಟು ಬಿಟ್, ಹಾಗಾಗಿ 32 ಮೆಗಾಬಿಟ್ ಅಂದರೆ 4 ಮೆಗಾಬೈಟ್. ಬೈಟ್ ಜಾಗದಲ್ಲಿ 32 ಬರೆದರೆ ಮಿತಿ ಹಾಕಿದ್ದೂ ಒಂದೇ, ಹಾಕದಿದ್ದದ್ದೂ ಒಂದೇ.

ರೂಟರ್‌ನಲ್ಲಿ ಕ್ಯೂಒಎಸ್ ಹಾಕಿಕೊಂಡವರು ಪ್ಲ್ಯಾನ್ ಬದಲಾಯಿಸಿದ ದಿನ ಆ ಎರಡು ಸಂಖ್ಯೆಗಳನ್ನೂ ಬದಲಾಯಿಸೋದು ಮರೀಬೇಡಿ. 100 ಎಂಬಿಪಿಎಸ್‌ಗೆ ದುಡ್ಡು ಕಟ್ಟಿ, ರೂಟರ್‌ನಲ್ಲಿ 43200 ಹಾಗೇ ಬಿಟ್ಟರೆ, ತಿಂಗಳುಗಟ್ಟಲೆ ಅರ್ಧಕ್ಕಿಂತ ಕಡಿಮೆ ವೇಗದಲ್ಲೇ ಇರುತ್ತೀರಿ. ಕಾಲ್ ಮಾತ್ರ ನಯವಾಗಿ ನಡೆಯುತ್ತಿರುವುದರಿಂದ ಯಾರಿಗೂ ಅನುಮಾನವೂ ಬರಲ್ಲ.